ಒಣಮಾಂಸ ಕೆಡದಿರುವುದಕ್ಕೂ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಕ್ಕೂ ಕಾರಣವೇನು?

ಪ್ರಶ್ನೆ: ಜರ್ಕಿಯಂತಹ ಒಣಮಾಂಸ ಫ್ರಿಜ್ ಇಲ್ಲದೆಯೂ ಬಹುಕಾಲ ಉಳಿಯುತ್ತದಂತೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಬೂಷ್ಟು ಹಿಡಿಯುವುದೇಕೆ?

ಒಣಮಾಂಸದಲ್ಲಿ ಸೂಕ್ಷ್ಮಜೀವಿಗಳ ಕೈಗೆಟುಕುವ ನೀರು ಇರುವುದಿಲ್ಲ, ಅದಕ್ಕೇ ಅದು ಕೆಡುವುದಿಲ್ಲ. ಮಲೆನಾಡಿನ ಮಳೆಗಾಲದ ಗಾಳಿ ಆ ನೀರನ್ನು ಮರಳಿ ಕೊಡುತ್ತದೆ.

ಒಣಗಿದ ಮೇಲೂ ಮಾಂಸದಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ. ಆದರೆ ಉಪ್ಪು ಮತ್ತು ಪ್ರೋಟೀನ್ ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಬ್ಯಾಕ್ಟೀರಿಯಾ ಅದನ್ನು ಹೀರಿಕೊಳ್ಳಲಾರದೆ ಬೆಳವಣಿಗೆ ನಿಲ್ಲಿಸುತ್ತದೆ. ನೀರು ಎಷ್ಟು ಸಡಿಲವಾಗಿದೆ ಎಂಬುದರ ಅಳತೆಯೇ ನೀರಿನ ಸಕ್ರಿಯತೆ. ಮಾಂಸದ ಚೂರನ್ನು ಮುಚ್ಚಿದ ಡಬ್ಬಿಯಲ್ಲಿಟ್ಟಾಗ ಒಳಗಿನ ಗಾಳಿಯ ತೇವಾಂಶ ಶೇ. 85ಕ್ಕೆ ಬಂದು ನಿಂತರೆ ಸಕ್ರಿಯತೆ 0.85. ಶುದ್ಧ ನೀರಿಗೆ ಅದು 1, ಹಸಿ ಮಾಂಸಕ್ಕೆ ಸುಮಾರು 0.99. ಹೆಚ್ಚಿನ ಬ್ಯಾಕ್ಟೀರಿಯಾ 0.91ರ ಸುಮಾರಿಗೇ ಸೋಲುತ್ತವೆ. ಹಠಮಾರಿಯಾದ ಸ್ಟ್ಯಾಫಿಲೊಕಾಕಸ್ 0.86ರವರೆಗೂ ಬೆಳೆಯಬಲ್ಲದು. ಜರ್ಕಿಯನ್ನು 0.85ಕ್ಕಿಂತ ಕೆಳಗಿಳಿಸುವುದು ಅದಕ್ಕಾಗಿಯೇ.

ಈ ಲೆಕ್ಕ ಎರಡೂ ಕಡೆಗೆ ಓಡುತ್ತದೆ. ಆಷಾಢದಲ್ಲಿ ಗಾಳಿಯ ತೇವಾಂಶ ಶೇ. 90 ದಾಟಿದಾಗ ತೆರೆದಿಟ್ಟ ತುಂಡು ನಿಧಾನವಾಗಿ 0.90ರತ್ತ ಸಾಗುತ್ತದೆ. ಬೂಷ್ಟಿಗೆ 0.80 ಕೂಡ ಸಾಕು, ಹಾಗಾಗಿ ಅದೇ ಮೊದಲು ಕಾಣಿಸುತ್ತದೆ. ಒಲೆಯ ಮೇಲೆ ಹೊಗೆಯಲ್ಲಿ ತೂಗುಹಾಕಿದರೆ ಸುತ್ತಲಿನ ಗಾಳಿ ಒಣಗಿರುತ್ತದೆ. ಇಲ್ಲವಾದರೆ ಗಾಳಿಯಾಡದ ಡಬ್ಬಿಯೇ ಬೇಕು. ಬೂಷ್ಟು ಬಂದದ್ದನ್ನು ಒರೆಸಿ ತಿನ್ನಬೇಡಿ, ಎಸೆಯಿರಿ.

ಒಣಗಿಸುವುದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಆದ್ದರಿಂದ ಕುರಿ, ಹಂದಿ ಮಾಂಸದ ತೆಳು ಪಟ್ಟಿಗಳನ್ನು ಮೊದಲು ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬಿಸಿಮಾಡಿ, ಆಮೇಲೆ ಒಣಗಿಸಿ. ಕೊಬ್ಬನ್ನು ಕತ್ತರಿಸಿ ತೆಗೆಯಿರಿ, ನೀರಿಲ್ಲದಿದ್ದರೂ ಅದು ಕಮಟುತ್ತದೆ.