ಲೈಸೆನ್ಸ್ ಇದ್ದವರೆಲ್ಲ ವೀಸಾ ಕೊಡಿಸುವವರಲ್ಲ

"ಮೇಡಂ, ವೀಸಾ ಕೊಡಿಸೋ ಲೈಸೆನ್ಸ್ ಇರೋ ಕಂಪನಿಗಳಿಗೇ ಅರ್ಜಿ ಹಾಕ್ತಿದೀನಿ. ಆದ್ರೂ ಒಬ್ರೂ ಕರೀತಿಲ್ಲ."

ದಾವಣಗೆರೆ ಕಡೆಯ ಹುಡುಗಿ. ಬಿ.ಇ. ಸಿವಿಲ್ ಮುಗಿಸಿ, ಬ್ರಿಟನ್ನಿನಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂ.ಎಸ್ಸಿ. ಮಾಡಿದ್ದಾಳೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಸಿಕ್ಕಿದ್ದ ಎರಡು ವರ್ಷದ ಗ್ರಾಜುಯೇಟ್ ವೀಸಾದಲ್ಲಿ ಇನ್ನು ಹನ್ನೊಂದು ತಿಂಗಳು ಉಳಿದಿತ್ತು. ಅಪ್ಪ ಬ್ಯಾಂಕಿಗೆ ಕಟ್ಟುತ್ತಿರುವ ಕಂತಿನ ವಿಚಾರ ಅವಳೇ ಎರಡು ಸಲ ಎತ್ತಿದಳು.

ಎಕ್ಸೆಲ್ ಶೀಟ್ ತೋರಿಸು ಎಂದೆ. ಇನ್ನೂರಕ್ಕೂ ಹೆಚ್ಚು ಸಾಲು. ವಿದೇಶಿಯರನ್ನು ವೀಸಾ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳಲು ಪರವಾನಗಿ ಪಡೆದವರನ್ನು ಪ್ರಾಯೋಜಕರು ಎನ್ನುತ್ತಾರೆ; ಬ್ರಿಟನ್ ಸರ್ಕಾರ ಪ್ರಕಟಿಸುವ ಅವರ ಪಟ್ಟಿಯಿಂದ ತಾನು ಅಲ್ಲಿ ವಾಸವಿರುವ ಊರಿನ ಹೆಸರುಗಳನ್ನು ಹೆಕ್ಕಿ ಸಾಲಾಗಿ ಅರ್ಜಿ ಹಾಕಿದ್ದಳು. ಅದರಲ್ಲಿ ವೃದ್ಧರ ಆರೈಕೆ ಮನೆಗಳಿದ್ದವು, ಕರಿ ರೆಸ್ಟೋರೆಂಟ್‌ಗಳಿದ್ದವು, ಒಂದು ಚರ್ಚೂ ಇತ್ತು! ಆ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಊರು, ರೇಟಿಂಗ್, ವೀಸಾ ಮಾರ್ಗ ಇಷ್ಟೇ ಇರುತ್ತದೆ. ಯಾವ ಕೆಲಸಕ್ಕೆ ಕರೆಸಿಕೊಂಡರು, ಎಷ್ಟು ಜನರನ್ನು, ಈಗ ಹುದ್ದೆ ಖಾಲಿ ಇದೆಯೋ ಇಲ್ಲವೋ, ಒಂದೂ ಇರುವುದಿಲ್ಲ. ಹಿಂದೊಮ್ಮೆ ಒಬ್ಬನೇ ಅಡುಗೆಯವನನ್ನು ಕರೆಸಲು ಲೈಸೆನ್ಸ್ ಪಡೆದವರೂ ಅಲ್ಲೇ ಇರುತ್ತಾರೆ.

ಹಾಗಾಗಿ ತಿರುವುಮುರುವಾಗಿ ಹೊರಡು ಎಂದೆ. ಮೊದಲು ಹುದ್ದೆ, ಆಮೇಲೆ ಕಂಪನಿ, ಪಟ್ಟಿ ಕೊನೆಗೆ. ಜಾಹೀರಾತು ಸಿಕ್ಕ ಮೇಲೆ ಆ ಕಂಪನಿಯ ನೋಂದಾಯಿತ ಹೆಸರನ್ನು ಪಟ್ಟಿಯಲ್ಲಿ ಹುಡುಕಬೇಕು. ಬೋರ್ಡಿನ ಮೇಲಿನ ಹೆಸರೇ ಬೇರೆ, ಕಾಗದದ ಹೆಸರೇ ಬೇರೆ ಇರುವುದು ಮಾಮೂಲು. ಮಾರ್ಗದ ಕಾಲಂನಲ್ಲಿ Skilled Worker, ಅಂದರೆ ನುರಿತ ಕೆಲಸಗಾರರ ವೀಸಾ, ಎಂದಿರಬೇಕು. ನಂತರ ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ತಾಣದಲ್ಲಿ ಅದೇ ಹೆಸರು ಹಾಕಿದರೆ ಯಾವ ವ್ಯವಹಾರ, ಲೆಕ್ಕಪತ್ರದಲ್ಲಿ ಎಷ್ಟು ನೌಕರರು ಎಂಬುದು ದುಡ್ಡಿಲ್ಲದೆ ಸಿಗುತ್ತದೆ.

ಇದನ್ನು ಹೇಳುತ್ತಿದ್ದಾಗಲೇ ಅವಳು ಸಂಕೋಚದಿಂದ ಇನ್ನೊಂದು ಹೆಸರು ತೋರಿಸಿದಳು. ಏಜೆಂಟ್ ಒಬ್ಬ ಆ ಕಂಪನಿಯಿಂದ 'ಸೈಟ್ ಎಂಜಿನಿಯರ್' ಹುದ್ದೆಗೆ ಪ್ರಾಯೋಜಕ ಪತ್ರ ಕೊಡಿಸುತ್ತೇನೆ, ಒಂಬತ್ತು ಸಾವಿರ ಪೌಂಡ್ ಕೊಡು ಎಂದಿದ್ದನಂತೆ. ಹೆಸರು ಪಟ್ಟಿಯಲ್ಲಿತ್ತು. ಕಂಪನೀಸ್ ಹೌಸ್ ನೋಡಿದರೆ ನಾಲ್ಕೇ ನೌಕರರು, ವ್ಯವಹಾರ ಊಟದ ಹೋಟೆಲ್. ಹೋಟೆಲಿಗೆ ಸೈಟ್ ಎಂಜಿನಿಯರ್ ಯಾಕೆ? ಇಂಥವರ ಲೈಸೆನ್ಸ್ ರದ್ದಾದರೆ ನೌಕರರ ವೀಸಾ ಸಾಮಾನ್ಯವಾಗಿ ಅರವತ್ತು ದಿನಕ್ಕೆ ಮೊಟಕಾಗುತ್ತದೆ, ಕೊಟ್ಟ ದುಡ್ಡು ಹೋದ ಹಾಗೇ.

ಯಾವ ಕ್ಷೇತ್ರ ಹೆಚ್ಚು ಪ್ರಾಯೋಜಿಸುತ್ತದೆ ಎಂದು ತಿಳಿಯಲು ಬ್ರಿಟನ್ನಿನ ಗೃಹ ಇಲಾಖೆ ಮೂರು ತಿಂಗಳಿಗೊಮ್ಮೆ ಬಿಡುವ ವೀಸಾ ಅಂಕಿಅಂಶ ನೋಡಬೇಕು. ಅದರಲ್ಲಿ ಉದ್ಯಮವಾರು ಕೋಷ್ಟಕಕ್ಕಿಂತ ಹುದ್ದೆವಾರು ಕೋಷ್ಟಕವೇ ಉಪಯುಕ್ತ. ಆಸ್ಪತ್ರೆಗೂ ಅಕೌಂಟೆಂಟ್ ಬೇಕು, ಬ್ಯಾಂಕಿಗೂ ಪ್ರೋಗ್ರಾಮರ್ ಬೇಕು. 2022-23ರ ಒಟ್ಟು ವೀಸಾ ಸಂಖ್ಯೆಯನ್ನಂತೂ ನಂಬಲೇಬಾರದು, ಅದನ್ನು ಉಬ್ಬಿಸಿದ್ದು ಆರೈಕೆ ಕೆಲಸ. 2025ರ ಜುಲೈ 22ರಿಂದ ಹೊರದೇಶದಿಂದ ಆರೈಕೆ ಕೆಲಸಗಾರರನ್ನು ಕರೆಸುವುದು ನಿಂತಿದೆ, ಉಳಿದ ಹುದ್ದೆಗಳೂ ಕೆಲವು ವಿನಾಯಿತಿ ಬಿಟ್ಟರೆ ಪದವಿ ಮಟ್ಟದವೇ ಆಗಿರಬೇಕು. ಅದಕ್ಕೇ 'ಸೈಟ್ ಸೂಪರ್‌ವೈಸರ್' ಬಿಡು, ಸಿವಿಲ್ ಎಂಜಿನಿಯರ್ ಮತ್ತು ಕ್ವಾಂಟಿಟಿ ಸರ್ವೇಯರ್ ಹುದ್ದೆಗಳನ್ನಷ್ಟೇ ಹಿಡಿ ಎಂದೆ. ಸರ್ಕಾರದ ಹುದ್ದೆ ವರ್ಗೀಕರಣದಲ್ಲಿ ಎರಡೂ ಪದವಿ ಮಟ್ಟದವು.

ನಿಜವಾದ ಗಂಟು ಇದ್ದದ್ದು ಸಂಬಳದಲ್ಲಿ. ಈ ವೀಸಾಕ್ಕೆ ಸಾಮಾನ್ಯವಾಗಿ ಬೇಕಾದ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಗ್ರಾಜುಯೇಟ್ ವೀಸಾದಿಂದ ಇದಕ್ಕೆ ಬದಲಾಗುವವರಿಗೆ 'ಹೊಸ ಪ್ರವೇಶಿ' ರಿಯಾಯಿತಿಯಲ್ಲಿ 33,400, ಅಥವಾ ಆ ಹುದ್ದೆಯ ನಿಗದಿತ ದರದ ಶೇಕಡ 70, ಯಾವುದು ಹೆಚ್ಚೋ ಅದು. ಆದರೆ ಈ ರಿಯಾಯಿತಿ ಒಟ್ಟು ನಾಲ್ಕೇ ವರ್ಷ, ಅದರಲ್ಲಿ ಗ್ರಾಜುಯೇಟ್ ವೀಸಾದ ಕಾಲವೂ ಸೇರುತ್ತದೆ. ಎರಡು ವರ್ಷ ಪೂರ್ತಿ ಕಳೆದು ಹೋದರೆ ಕಂಪನಿಗೆ ಉಳಿಯುವುದು ಎರಡೇ ವರ್ಷ, ಆಮೇಲೆ ಪೂರ್ತಿ ಸಂಬಳ ಕೊಡಬೇಕು. ಅವಳು ಕೊನೆಯ ತಿಂಗಳವರೆಗೆ ಕಾಯೋಣ ಎಂದುಕೊಂಡಿದ್ದಳು. ಲೆಕ್ಕ ಹಾಕಿ ತೋರಿಸಿದಾಗ ಸುಮ್ಮನಾದಳು.

ಅರ್ಜಿಯಲ್ಲಿ 'ಮುಂದೆ ಪ್ರಾಯೋಜಕತ್ವ ಬೇಕೇ' ಎಂಬ ಪ್ರಶ್ನೆಗೆ ಹೌದು ಎಂದೇ ಬರಿ ಎಂದೆ. ಜೊತೆಗೆ ಇಂಥ ತಾರೀಖಿನವರೆಗೆ ಕೆಲಸ ಮಾಡಲು ನನಗೆ ಅನುಮತಿ ಇದೆ, ಹೊಸ ಪ್ರವೇಶಿ ದರಕ್ಕೆ ಅರ್ಹಳು ಎಂದು ಎರಡು ಸಾಲು. ಸಣ್ಣ ಕಂಪನಿಯ ಎಚ್‌ಆರ್‌ಗೆ ಈ ನಿಯಮ ಗೊತ್ತಿರುವುದು ಅಪರೂಪ.

ಹೊಸ ಶೀಟಿನಲ್ಲಿ ಮೂವತ್ತೊಂದು ಸಾಲು. ಎರಡು ತಿಂಗಳಲ್ಲಿ ಮೂರು ಸಂದರ್ಶನ ಆದವು. ಒಂದು ಕಡೆ 32,000ಕ್ಕೆ ಕರೆದರು. "ಒಪ್ಕೊಳ್ಳಲಾ ಮೇಡಂ?" ಎಂದು ರಾತ್ರಿ ಮೆಸೇಜ್ ಬಂತು. ವೀಸಾಕ್ಕೆ 1,400 ಪೌಂಡ್ ಕಡಿಮೆ ಇದೆ, ಅದನ್ನೇ ಬಾಯಿಬಿಟ್ಟು ಕೇಳು, ಪ್ರಾಯೋಜಿಸುವ ಮಾತನ್ನು ಇಮೇಲಿನಲ್ಲಿ ಬರೆಸಿಕೋ ಎಂದೆ. ಅವರು 34,000ಕ್ಕೆ ಒಪ್ಪಿದರು. ಪ್ರಾಯೋಜಕ ಪತ್ರ ಮಾತ್ರ ಆರು ತಿಂಗಳ ಪ್ರೊಬೇಷನ್ ಮುಗಿದ ಮೇಲಂತೆ. ಅವಳ ವೀಸಾಕ್ಕೆ ಆಗ ಉಳಿಯುವುದು ಮೂರು ತಿಂಗಳಿಗೂ ಕಡಿಮೆ. ಪ್ರೊಬೇಷನ್ನನ್ನು ಮೂರು ತಿಂಗಳಿಗೆ ಇಳಿಸಿ ಎಂದು ಈ ವಾರ ಪತ್ರ ಬರೆದಿದ್ದಾಳೆ.