ಕೆಲಸ ಬೆಳೆದ ದಿನವೇ ತಾರೀಖೂ ಬೆಳೆಯಬೇಕು

*ಮಾನ್ಯ ಸಂಪಾದಕರೇ, ನಾನು ಶಿರಸಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಅಡಿಕೆ ಮಂಡಿಯೊಂದರ ಟೆಂಡರ್, ತೂಕ ಮತ್ತು ಬಿಲ್ಲಿನ ತಂತ್ರಾಂಶವನ್ನು ಅಕ್ಟೋಬರ್ 31ರ ಶುಕ್ರವಾರ ಕೊಡಬೇಕು. ನಡುವೆ ಕಾಳುಮೆಣಸಿನ ವಹಿವಾಟು, ಬೆಳೆಗಾರರ ಮೊಬೈಲಿಗೆ ಸಂದೇಶ, ತೆರಿಗೆ ವರದಿ ಇವೂ ಸೇರಿಕೊಂಡವು. ತಾರೀಖು ಮಾತ್ರ ಬದಲಾಗಿಲ್ಲ. ಮ್ಯಾನೇಜರರಿಗೆ ಬೇಸರವಾಗದಂತೆ ಇಮೇಲ್ ಬರೆಯುವುದು ಹೇಗೆ? – ಒಬ್ಬ ಓದುಗ, ಶಿರಸಿ*

ಮ್ಯಾನೇಜರರ ಕಷ್ಟವೂ ಕಷ್ಟವೇ. ಕೊಟ್ಟಷ್ಟು ಕಾಲವನ್ನೂ ಕೆಲಸ ತುಂಬಿಕೊಳ್ಳುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್‌ಸನ್ 1955ರಲ್ಲೇ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಬರೆದಿದ್ದರು. ದಿನ ಹೆಚ್ಚು ಕೇಳಿದವರನ್ನೆಲ್ಲ ಮ್ಯಾನೇಜರರು ಅನುಮಾನದಿಂದ ನೋಡಿದರೆ ತಪ್ಪೆನ್ನಲಾಗದು. ಆದರೆ ನೀವು ಕೇಳಬೇಕಾಗಿರುವುದು ಹಳೆಯ ಕೆಲಸಕ್ಕೆ ಹೆಚ್ಚಿನ ಕಾಲವನ್ನಲ್ಲ, ಹೊಸ ಕೆಲಸಕ್ಕೆ ಅದರದೇ ಕಾಲವನ್ನು. ಇವೆರಡನ್ನೂ ಬೇರ್ಪಡಿಸಿ ತೋರಿಸಿದರೆ ಅರ್ಧ ಪತ್ರ ಬರೆದಂತೆಯೇ. ನಿಮ್ಮ ಕಾಗದದ ಜೊತೆ ಕಳುಹಿಸಿದ ಕರಡು ‘ತಡವಾಗುತ್ತಿರುವುದಕ್ಕೆ ಕ್ಷಮೆಯಿರಲಿ’ ಎಂದು ಆರಂಭವಾಗುತ್ತದೆ. ಆ ಸಾಲನ್ನು ದಯವಿಟ್ಟು ತೆಗೆಯಿರಿ. ತಡವಾಗಿಲ್ಲ, ಕೆಲಸ ಬೆಳೆದಿದೆ. ಕ್ಷಮೆ ಕೇಳಿದೊಡನೆ ತಪ್ಪು ನಿಮ್ಮದಾಗಿ ದಾಖಲಾಗುತ್ತದೆ.

ನಾನಾದರೆ ಹೀಗೆ ಬರೆಯುತ್ತಿದ್ದೆ:

> ವಿಷಯ: ಹೊಸದಾಗಿ ಸೇರಿದ ಮೂರು ಕೆಲಸಗಳು – ಪರಿಷ್ಕೃತ ತಾರೀಖಿಗೆ ಈ ಶುಕ್ರವಾರದೊಳಗೆ ನಿಮ್ಮ ಒಪ್ಪಿಗೆ ಕೋರಿ
>
> ಮಾನ್ಯರೇ, ಅಡಿಕೆಯ ಟೆಂಡರ್, ತೂಕ ಮತ್ತು ಬಿಲ್ ಭಾಗದ ಕೆಲಸ ಮೊದಲು ಒಪ್ಪಿದಂತೆ ಅಕ್ಟೋಬರ್ 31ರ ಹಾದಿಯಲ್ಲೇ ಸಾಗುತ್ತಿದೆ. ನಂತರ ಸೇರಿದ ಕಾಳುಮೆಣಸಿನ ವಹಿವಾಟಿಗೆ 5, ಮೊಬೈಲ್ ಸಂದೇಶಕ್ಕೆ 4, ತೆರಿಗೆ ವರದಿಗೆ 3, ಎಲ್ಲವನ್ನೂ ಕೂಡಿಸಿ ಮತ್ತೆ ಪರೀಕ್ಷಿಸಲು 3, ಹೀಗೆ ಒಟ್ಟು 15 ಕೆಲಸದ ದಿನಗಳು ಬೇಕು.
>
> ಎರಡು ದಾರಿಗಳಿವೆ. ಒಂದು, ಅಡಿಕೆಯ ಭಾಗವನ್ನು ಅಕ್ಟೋಬರ್ 31ಕ್ಕೆ ಕೊಟ್ಟು, ಉಳಿದುದನ್ನು ನವೆಂಬರ್ 21ಕ್ಕೆ ಕೊಡುವುದು. ಇನ್ನೊಂದು, ಎಲ್ಲವನ್ನೂ ಒಟ್ಟಾಗಿ ನವೆಂಬರ್ 21ಕ್ಕೆ ಕೊಡುವುದು. ಮಂಡಿಗೆ ಬೇಗ ಬಳಕೆಗೆ ಸಿಗುವುದರಿಂದ ಮೊದಲನೆಯದು ಉತ್ತಮವೆಂದು ನನ್ನ ಸಲಹೆ. ಸಂದೇಶದ ನೋಂದಣಿಯನ್ನು ಮಂಡಿಯವರೇ ಮಾಡಿಸಬೇಕಾಗಿರುವುದರಿಂದ ಅದರ ಕಾಲ ಈ ಲೆಕ್ಕದಲ್ಲಿ ಸೇರಿಲ್ಲ.

ಮೆಣಸಿಗೆ 5 ದಿನ ಏಕೆಂದು ಅವರು ಕೇಳಿಯೇ ಕೇಳುತ್ತಾರೆ. ನಿಮ್ಮ ಅಡಿಕೆಯ ಬಿಲ್ಲಿಗೆ ರಾಶಿಯೋ ಚಾಲಿಯೋ ಬೆಟ್ಟೆಯೋ ಎಂಬ ಬಗೆ, ತೂಕ ಮತ್ತು ದರ ಸಾಕಾಗಿತ್ತು. ಮೆಣಸಿಗೆ ತೇವಾಂಶವೂ ಲೀಟರ್ ತೂಕವೂ, ಅಂದರೆ ಒಂದು ಲೀಟರ್ ಕಾಳಿನ ತೂಕವೂ ಬೇಕು. ಅವನ್ನು ಸೇರಿಸಲು ಹೋದಾಗ ಬಿಲ್ಲಿನ ಚೌಕಟ್ಟೇ ಬದಲಾಗುತ್ತದೆ, ಆದ್ದರಿಂದ ಈಗಾಗಲೇ ಸರಿಯಿದ್ದ ಅಡಿಕೆಯ ಬಿಲ್ಲನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಕೊನೆಯ ಆ 3 ದಿನಗಳು ಇದಕ್ಕಾಗಿಯೇ ಇವೆ. ಚೌಕಾಸಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅವಕ್ಕೇ, ಬಿಟ್ಟುಕೊಡಬೇಡಿ.

ಸಂದೇಶದ ವಿಚಾರ ಇನ್ನೂ ಸೂಕ್ಷ್ಮವಾದದ್ದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳಡಿ, ಸಂಸ್ಥೆಯೊಂದು ಗ್ರಾಹಕರಿಗೆ ಇಂಥ ಸಂದೇಶ ಕಳುಹಿಸಬೇಕಾದರೆ ತನ್ನ ಹೆಸರನ್ನೂ, ಕಳುಹಿಸುವವರ ಸಂಕೇತವನ್ನೂ, ಸಂದೇಶದ ಮಾದರಿಯನ್ನೂ ದೂರಸಂಪರ್ಕ ಕಂಪನಿಗಳ ‘ಡಿಎಲ್‌ಟಿ’ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ನೀವು 4 ದಿನಗಳಲ್ಲಿ ಕೆಲಸ ಮುಗಿಸಿದರೂ ಮಾದರಿಗೆ ಒಪ್ಪಿಗೆ ಸಿಗುವವರೆಗೆ ಬೆಳೆಗಾರನ ಮೊಬೈಲಿಗೆ ಏನೂ ಬಾರದು. ನಿಮ್ಮ ಕೈಯಲ್ಲಿಲ್ಲದ ಈ ಕಾಲವನ್ನು ಪತ್ರದಲ್ಲಿ ಬೇರೆಯಾಗಿ ಹೇಳದಿದ್ದರೆ ನವೆಂಬರಿನಲ್ಲಿ ಅದೂ ನಿಮ್ಮ ತಲೆಯ ಮೇಲೆಯೇ ಬರುತ್ತದೆ.

‘ಇನ್ನಿಬ್ಬರನ್ನು ಕೊಡುತ್ತೇನೆ, 31ಕ್ಕೇ ಮುಗಿಸಿ’ ಎಂಬ ಉತ್ತರವೂ ಬರಬಹುದು. ಐಬಿಎಮ್‌ನಲ್ಲಿ ಓಎಸ್/360 ಎಂಬ ಕಾರ್ಯಾಚರಣಾ ತಂತ್ರಾಂಶದ ಕೆಲಸ ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್, ತಡವಾದ ತಂತ್ರಾಂಶದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲಿ ಬರೆದರು. ಹೊಸದಾಗಿ ಬಂದವರಿಗೆ ಚಾಲಿಗೂ ಬಿಳಿಗೋಟಿಗೂ ಇರುವ ವ್ಯತ್ಯಾಸದಿಂದಲೇ ನೀವು ಪಾಠ ಆರಂಭಿಸಬೇಕು, ಅಷ್ಟು ಹೊತ್ತು ನಿಮ್ಮ ಕೆಲಸವೂ ನಿಂತಿರುತ್ತದೆ. ಕೆಲಸದ ಆರಂಭದಲ್ಲೇ ಕೊಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು.

ಒಂದು ಮಾತಿಗೆ ಬೇಸರಿಸಬೇಡಿ. ಮೆಣಸಿನ ಮಾತು ಬಂದ ದಿನವೇ ನೀವು ಎರಡು ಸಾಲು ಬರೆಯಬೇಕಿತ್ತು. ನಮ್ಮ ಜಿಲ್ಲೆಯ ಮಕ್ಕಳು, ಕಾರವಾರದವರಿರಲಿ ಘಟ್ಟದ ಮೇಲಿನವರಿರಲಿ, ಫೋನಿನಲ್ಲಿ ‘ಆಯ್ತು ಸರ್’ ಎಂದುಬಿಡುತ್ತಾರೆ. ಬೆಂಗಳೂರಿನಲ್ಲಿ ಅದನ್ನು ತಾರೀಖಿಗೆ ಕೊಟ್ಟ ಒಪ್ಪಿಗೆಯೆಂದು ಬರೆದುಕೊಳ್ಳುತ್ತಾರೆ. ಶಾಲೆಯಲ್ಲಿ ನಾವು ಅವರಿಗೆ ಕಲಿಸಿದ್ದು ರಜಾ ಅರ್ಜಿಯೊಂದನ್ನೇ. ‘ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುತ್ತೇನೆ’ ಎನ್ನುವ ಆ ಧಾಟಿ, ಲೆಕ್ಕ ಮುಂದಿಟ್ಟು ಒಪ್ಪಿಗೆ ಕೇಳಬೇಕಾದ ಕಡೆಗೂ ಹಿಂಬಾಲಿಸಿ ಬರುತ್ತದೆ. ಲೆಕ್ಕವನ್ನು ತಲೆಯೆತ್ತಿ ಒಪ್ಪಿಸುವ ಪತ್ರವನ್ನು ಯಾವ ತರಗತಿಯಲ್ಲೂ ಕಲಿಸದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮ್ಯಾನೇಜರರು ಇಮೇಲಿಗೆ ಉತ್ತರಿಸದೆ ಫೋನ್ ಮಾಡಿದರೆ ಮಾತನಾಡಿ. ಮಾತು ಮುಗಿದ ಮೇಲೆ, ‘ಈಗ ಮಾತನಾಡಿದಂತೆ ಅಡಿಕೆಯ ಭಾಗ ಅಕ್ಟೋಬರ್ 31ಕ್ಕೆ, ಉಳಿದದ್ದು ನವೆಂಬರ್ 21ಕ್ಕೆ, ಬದಲಾವಣೆಯಿದ್ದರೆ ದಯವಿಟ್ಟು ತಿಳಿಸಿ’ ಎಂದು ಅದೇ ಇಮೇಲಿನ ಕೆಳಗೆ ಬರೆದು ಆ ದಿನವೇ ಕಳುಹಿಸಿ.

– ಸಂಪಾದಕ