ವರ್ಜೀನಿಯಾದ ಅರ್ಜಿಯಲ್ಲಿದ್ದ ಒಂದು ಕಾಲಂ

ಪ್ರಶ್ನೆ: ಯೂಜೆನಿಕ್ಸ್ ಅಂದ್ರೆ "ಒಳ್ಳೆ ತಳಿ" ಬೆಳೆಸೋ ಹುಚ್ಚು ಅಂತ ಓದಿದ್ದೀನಿ. ಅದರೊಳಗೆ ಜನಾಂಗಗಳ ವಿಂಗಡಣೆ ಹೇಗೆ ಬಂತು? ಹಿಟ್ಲರ್ ಸೋತ ಮೇಲೂ ಕಾನೂನು, ವಿಜ್ಞಾನದಲ್ಲಿ ಯಾಕೆ ಉಳ್ಕೊಂಡಿತು?

ನಾನು ಮದುವೆಯಾಗಿದ್ದು 2016ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ಲೈಸೆನ್ಸಿನ ಅರ್ಜಿಯಲ್ಲಿ ಹೆಸರು, ವಯಸ್ಸು ಆದ ಮೇಲೆ 'ರೇಸ್' ಅಂತ ಒಂದು ಕಾಲಂ ಇತ್ತು. ನನ್ನ ಹುಡುಗ ಅದನ್ನು ಖಾಲಿ ಬಿಟ್ಟ. ಕೌಂಟರಿನ ಹೆಂಗಸು ಅರ್ಜಿ ವಾಪಸ್ ಕೊಟ್ಟು, "ಅದು ತುಂಬಲೇಬೇಕು" ಅಂದರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ನಿಮ್ಮ ಪ್ರಶ್ನೆಯ ಉತ್ತರ ಆ ಕಾಲಂನಲ್ಲೇ ಸಿಕ್ಕಿತು.

1795ರಲ್ಲಿ ಜರ್ಮನಿಯ ವೈದ್ಯವಿಜ್ಞಾನಿ ಬ್ಲೂಮೆನ್‌ಬಾಖ್ ಮನುಷ್ಯರನ್ನು ಐದು ಬಗೆಯಾಗಿ ವಿಂಗಡಿಸಿದ: ಕಕೇಸಿಯನ್, ಮಂಗೋಲಿಯನ್, ಇಥಿಯೋಪಿಯನ್, ಅಮೆರಿಕನ್, ಮಲಯ. 'ಕಕೇಸಿಯನ್' ಅನ್ನೋ ಹೆಸರಿಗೆ ಆಧಾರ ಜಾರ್ಜಿಯಾದ ಒಂದು ತಲೆಬುರುಡೆ. ಅವನ ಕಣ್ಣಿಗೆ ಅದು ಎಲ್ಲಕ್ಕಿಂತ ಚೆಂದ ಕಂಡಿತ್ತು, ಅಷ್ಟೇ. ಆದರೆ ಈ ಐದಕ್ಕೂ ನಡುವೆ ಗೆರೆ ಎಳೆಯಲಾಗದು, ಒಂದು ಇನ್ನೊಂದರೊಳಗೆ ಕರಗುತ್ತಾ ಹೋಗುತ್ತದೆ ಅಂತ ಅವನೇ ಬರೆದಿದ್ದ. ಯೂಜೆನಿಕ್ಸ್‌ನವರು ಹೆಸರು ಎರವಲು ತೆಗೆದುಕೊಂಡರು, ಈ ಮಾತನ್ನು ಬಿಟ್ಟರು.

ಅದಕ್ಕೆ ಅವರು, ಬಟಾಣಿ ಗಿಡದಲ್ಲಿ ಗುಣಗಳು ತಲೆಮಾರಿಂದ ತಲೆಮಾರಿಗೆ ಹೇಗೆ ಸಾಗುತ್ತವೆ ಅಂತ ಕಂಡುಕೊಂಡ ಮೆಂಡಲನನ್ನು ಸೇರಿಸಿದರು. ಮೊದಲು ರಕ್ತ ಅಂದರೆ ಹಾಲಿಗೆ ನೀರು ಬೆರೆಸಿದ ಹಾಗೆ, ತಲೆಮಾರು ಕಳೆದಂತೆ ತೆಳುವಾಗುತ್ತದೆ ಅನ್ನೋ ಲೆಕ್ಕ. ವರ್ಜೀನಿಯಾದ ಹಳೇ ಕಾನೂನಿನಲ್ಲಿ ಕಪ್ಪು ಪೂರ್ವಜರ ಪಾಲು ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಬಿಳಿಯನೇ. 1910ರಲ್ಲಿ ಅದನ್ನು ಹದಿನಾರರಲ್ಲಿ ಒಂದಕ್ಕೆ ಇಳಿಸಿದರು. ಮೆಂಡಲ್ ಬಂದ ಮೇಲೆ, ಗುಣ ಕರಗೋದಿಲ್ಲ, ಅಡಗಿ ಕೂತು ಮುಂದೆ ಯಾವಾಗಲೋ ಹೊರಗೆ ಬರುತ್ತದೆ ಅನ್ನೋ ಭಯ ಹುಟ್ಟಿಸಲು ದಾರಿಯಾಯಿತು. ಬಟಾಣಿ ಗಿಡದ ನಿಯಮವನ್ನು 'ಜನಾಂಗ' ಅನ್ನೋ ಇಡೀ ಗಂಟಿಗೆ ಅಂಟಿಸಿದ್ದು ಇಲ್ಲಿನ ಮೋಸ. 1924ರ ಕಾಯ್ದೆ ಬಿಳಿಯರು ಬಿಳಿಯರಲ್ಲದವರನ್ನು ಮದುವೆಯಾಗಕೂಡದು, ಬಿಳಿಯ ಅನ್ನಿಸಿಕೊಳ್ಳಲು ಕಕೇಸಿಯನ್ ಅಲ್ಲದ ರಕ್ತದ ಸುಳಿವೂ ಇರಬಾರದು ಅಂದಿತು. ಅದಕ್ಕೊಂದು ವಿನಾಯಿತಿಯೂ ಇತ್ತು. ಅಲ್ಲಿನ ದೊಡ್ಡ ಮನೆತನಗಳು ಮೂಲನಿವಾಸಿ ಮುಖಂಡನ ಮಗಳಾಗಿದ್ದ ಪೊಕಹಾಂಟಸ್‌ಳ ವಂಶದವರು ಅಂತ ಹೆಮ್ಮೆ ಪಡುತ್ತಿದ್ದವು. ಹಾಗಾಗಿ ಹದಿನಾರರಲ್ಲಿ ಒಂದು ಭಾಗದಷ್ಟು ಮೂಲನಿವಾಸಿ ರಕ್ತ ಇದ್ದರೂ ನಡೆಯುತ್ತದೆ ಅಂತ ಬರೆದರು! ವಿಜ್ಞಾನಕ್ಕೂ ಮುಲಾಜು ಇರುತ್ತದೆ, ಅಲ್ವಾ?

ಕಾಯ್ದೆ ನಡೆಸಿದವನು ಜನನ ಮರಣ ದಾಖಲಾತಿಯ ಮುಖ್ಯಸ್ಥ ವಾಲ್ಟರ್ ಪ್ಲೆಕರ್, ಓದಿನಿಂದ ಡಾಕ್ಟರ್. ರಾಜ್ಯದಲ್ಲಿ ನಿಜವಾದ ಮೂಲನಿವಾಸಿಗಳು ಉಳಿದೇ ಇಲ್ಲ, ಎಲ್ಲರೂ ಕಪ್ಪು ಬೆರಕೆ ಅನ್ನೋದು ಅವನ ಹಟ. 19ನೇ ಶತಮಾನದ ಗುಮಾಸ್ತರು ಬರೆದಿಟ್ಟ ಪುಸ್ತಕಗಳೇ ಅವನಿಗೆ ಸಾಕ್ಷಿ. ಮೂಲನಿವಾಸಿಗಳಿಗೆ ಅಲ್ಲಿ 'ಇಂಡಿಯನ್' ಅಂತಾರೆ; ಹಾಗಂತ ಇದ್ದ ಜನನಪತ್ರಗಳ ಹಿಂದೆ, ಇವರು ಅದಲ್ಲ ಅಂತ ಟಿಪ್ಪಣಿ ಬರೆಸಿದ. 1943ರಲ್ಲಿ ಕೌಂಟಿವಾರು ಅಡ್ಡಹೆಸರುಗಳ ಪಟ್ಟಿ ಮಾಡಿ, ಈ ಮನೆತನದವರನ್ನು ಬಿಳಿಯರೆಂದೋ ಇಂಡಿಯನ್ ಎಂದೋ ದಾಖಲಿಸಬೇಡಿ ಅಂತ ಕಚೇರಿಗಳಿಗೆ ಸುತ್ತೋಲೆ ಕಳಿಸಿದ.

ಅದೇ 1924ರ ಮಾರ್ಚ್ 20ರಂದು, ಅದೇ ರಾಜ್ಯದಲ್ಲಿ, ಬಲವಂತದ ಸಂತಾನಹರಣ ಕಾಯ್ದೆಗೂ ಸಹಿ ಬಿತ್ತು. ಆ ಕಾಯ್ದೆ ಕೋರ್ಟಿನಲ್ಲಿ ನಿಲ್ಲುತ್ತದಾ ಅಂತ ನೋಡಲು ಆರಿಸಿದ್ದು ಕ್ಯಾರಿ ಬಕ್ ಎಂಬ ಬಡ ಬಿಳಿ ಹುಡುಗಿಯನ್ನು. ವಿಚಾರಣೆ ನಡೆದದ್ದು ಆಮ್ಹರ್ಸ್ಟ್ ಕೌಂಟಿಯಲ್ಲಿ. ಯೂಜೆನಿಕ್ಸ್ ರೆಕಾರ್ಡ್ ಆಫೀಸಿನ ಆರ್ಥರ್ ಎಸ್ಟಾಬ್ರೂಕ್ ಸಾಕ್ಷಿ ಹೇಳಲು ಬಂದು, ಅವಳ ಎಳೆ ಮಗು ವಿವಿಯನ್‌ಳನ್ನು ನೋಡಿ, ಬುದ್ಧಿ ಕಡಿಮೆ ಅಂದ. ಎರಡು ವರ್ಷದ ಮೇಲೆ ಅವನೇ ಆ ಕೌಂಟಿಯ ಮೊನಾಕನ್ ಎಂಬ ಮೂಲನಿವಾಸಿ ಜನರನ್ನು ಬೆರಕೆ, ದಡ್ಡ ತಳಿ ಅಂತ ಬಣ್ಣಿಸೋ ಪುಸ್ತಕದ ಸಹಲೇಖಕನಾದ. ನೋಟ ಒಂದೇ, ಗುರಿ ಮಾತ್ರ ಬೇರೆ. 1927ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಕ್ಯಾರಿಯ ಶಸ್ತ್ರಚಿಕಿತ್ಸೆಗೆ ಒಪ್ಪಿತು. ವಿವಿಯನ್ ಮುಂದೆ ಶಾಲೆಯ ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದಳು, ಎಂಟನೇ ವಯಸ್ಸಿಗೆ ಕಾಯಿಲೆಯಿಂದ ಸತ್ತಳು. ಆ ತೀರ್ಪನ್ನು ನೇರವಾಗಿ ರದ್ದು ಮಾಡಿದ ಇನ್ನೊಂದು ತೀರ್ಪು ಇವತ್ತಿಗೂ ಬಂದಿಲ್ಲ.

ಯಾಕೆ ಉಳಿಯಿತು ಅಂದರೆ, ವಾದ ಸೋತರೂ ಕಾಲಂ ಸೋಲಲಿಲ್ಲ. ಒಮ್ಮೆ ರಿಜಿಸ್ಟರಿನಲ್ಲಿ ಬರೆದದ್ದು ಮುಂದಿನವರಿಗೆ ಅಂಕಿಅಂಶವಾಗುತ್ತದೆ. ಅಂಕಿಅಂಶ ಇದೆಯಲ್ಲ, ಹಾಗಾದರೆ ಜನಾಂಗ ಅನ್ನೋದೂ ಇದೆ ಅಂತ ವಾದ ತಿರುಗಿ ಬರುತ್ತದೆ. 1965ರಲ್ಲಿ, ಕಪ್ಪು-ಬಿಳಿ ಜೋಡಿಯಾಗಿ ಮದುವೆಯಾಗಿದ್ದಕ್ಕೆ ಲವಿಂಗ್ ದಂಪತಿಗೆ ಆಗಿದ್ದ ಶಿಕ್ಷೆಯನ್ನು ಎತ್ತಿಹಿಡಿದ ವರ್ಜೀನಿಯಾದ ಜಡ್ಜ್, ದೇವರು ಬಿಳಿ, ಕಪ್ಪು, ಹಳದಿ, ಮಲಯ, ಕೆಂಪು ಜನರನ್ನು ಬೇರೆ ಬೇರೆ ಖಂಡದಲ್ಲಿಟ್ಟ ಅಂತ ಬರೆದರು. ಎಣಿಸಿ ನೋಡಿ, ಬ್ಲೂಮೆನ್‌ಬಾಖ್‌ನ ಅದೇ ಐದು. 1967ರಲ್ಲಿ ಸುಪ್ರೀಂ ಕೋರ್ಟ್ ಆ ಮದುವೆ ನಿಷೇಧವನ್ನು ಕಿತ್ತುಹಾಕಿತು. ಅರ್ಜಿಯ ಕಾಲಂ ಹಾಗೇ ಉಳಿಯಿತು.

ವಿಜ್ಞಾನದಲ್ಲಿ ಕೆಲವು ಕಡೆ ಬೋರ್ಡು ಮಾತ್ರ ಬದಲಾಯಿತು. 'ಆನಲ್ಸ್ ಆಫ್ ಯೂಜೆನಿಕ್ಸ್' ಪತ್ರಿಕೆ 1954ರಲ್ಲಿ 'ಆನಲ್ಸ್ ಆಫ್ ಹ್ಯೂಮನ್ ಜೆನೆಟಿಕ್ಸ್' ಆಯಿತು. ಒಳಗಿನ ಕೆಲಸ ನಿಧಾನವಾಗಿ ನಿಜಕ್ಕೂ ಬದಲಾಯಿತು ಅನ್ನಿ. ಆದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಮಾಡೋ 2009ರ ಸೂತ್ರ, ರೋಗಿ ಕಪ್ಪು ಅಂತ ಗುರುತು ಹಾಕಿದರೆ ಫಲಿತಾಂಶವನ್ನು ಸುಮಾರು 16% ಏರಿಸುತ್ತಿತ್ತು. ಅದನ್ನು ಬಿಟ್ಟ ಸೂತ್ರ ಬಂದದ್ದು 2021ರಲ್ಲಿ. ಇದು ಯೂಜೆನಿಕ್ಸ್‌ನವರ ಸಂಚು ಅನ್ನಲಾರೆ. ಸಿದ್ಧವಾಗಿ ಕೂತಿದ್ದ ಕಾಲಂ ಬಳಸಿಕೊಂಡರು, ಅದರ ಹಿಂದೇನಿದೆ ಅಂತ ಜಾಸ್ತಿ ಕೇಳಲಿಲ್ಲ.

ಇನ್ನು ಮೊನಾಕನ್ನರು. ಕೇಂದ್ರ ಸರ್ಕಾರದ ಮಾನ್ಯತೆ ಬೇಕಾದರೆ ತಲೆಮಾರುಗಳ ದಾಖಲೆ ತೋರಿಸಬೇಕು. ಆ ದಾಖಲೆಗಳನ್ನೇ ಪ್ಲೆಕರ್ ತಿದ್ದಿಸಿದ್ದ. ಕೊನೆಗೆ 2018ರಲ್ಲಿ ಸಂಸತ್ತೇ ಕಾಯ್ದೆ ಮಾಡಿ, ಅವರೂ ಸೇರಿ ಆರು ಬುಡಕಟ್ಟುಗಳಿಗೆ ಮಾನ್ಯತೆ ಕೊಟ್ಟಿತು. ಮದುವೆ ಅರ್ಜಿಯ ಮೇಲೆ ಮೂರು ಜೋಡಿ 2019ರಲ್ಲಿ ಕೇಸು ಹಾಕಿದಾಗ, ಒಂದು ಕೌಂಟಿಯ ಪಟ್ಟಿಯಲ್ಲಿ ಸುಮಾರು 200 'ಜನಾಂಗ'ಗಳಿದ್ದವು, ಅದರಲ್ಲಿ 'ಆರ್ಯನ್' ಕೂಡ ಒಂದು. ಕೋರ್ಟು ಅದೇ ವರ್ಷ ಆ ಕಡ್ಡಾಯವನ್ನು ತೆಗೆಯಿತು. ನಾನು ಅವತ್ತು 'ಏಷ್ಯನ್' ಅಂತ ಬರೆದಿದ್ದೆ. ನನ್ನ ಗಂಡ ಒಂದು ನಿಮಿಷ ಪೆನ್ನು ಹಿಡಿದು ಕೂತು, ಆ ಹೆಂಗಸನ್ನೇ ಕೇಳಿದ, "ನಿಮಗೇನನ್ನಿಸುತ್ತೆ?" ಅಂತ. ಅವರು ಅವನ ಮುಖ ನೋಡಿ 'ವೈಟ್' ಅಂತ ಬರೆದುಕೊಂಡರು.